ಒಂದೇ ಚಿತ್ರ, ಎರಡು ವಿಶ್ಲೇಷಣೆ: ರೂಪವನ್ನು ಓದುವುದು ಹೇಗೆ, ಸಂದರ್ಭವನ್ನು ತರುವುದು ಯಾವಾಗ

ಒಂದು ವರ್ಣಚಿತ್ರದ ಬಗ್ಗೆ ಬರೆಯಲು ಕುಳಿತ ಹೆಚ್ಚಿನವರು ಮೊದಲ ಸಾಲಿನಲ್ಲೇ ಕಲಾವಿದನ ಜನ್ಮವರ್ಷ ಬರೆಯುತ್ತಾರೆ. ಅಲ್ಲಿಂದ ಆತನ ಗುರುಗಳು, ಆ ಕಾಲದ ರಾಜರು, ಯುದ್ಧಗಳು ಎಂದು ಬರಹ ಹರಿಯುತ್ತದೆ. ಮೂರನೇ ಪ್ಯಾರಾದ ಹೊತ್ತಿಗೆ ಚಿತ್ರ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ. ಇನ್ನು ಕೆಲವರು ಚಿತ್ರವನ್ನು ಬಿಟ್ಟು ಕದಲುವುದಿಲ್ಲ. ಎಡಗಡೆ ಇಷ್ಟು ಜನ, ಬಲಗಡೆ ಇಷ್ಟು ಜನ, ನಡುವೆ ಒಂದು ದೀಪ ಎಂದು ಪಟ್ಟಿ ಮಾಡಿ ಮುಗಿಸುತ್ತಾರೆ. ಮೊದಲನೆಯದನ್ನು ಸಂದರ್ಭ ವಿಶ್ಲೇಷಣೆ, ಎರಡನೆಯದನ್ನು ರೂಪ ವಿಶ್ಲೇಷಣೆ ಎಂದು ಕರೆದುಕೊಳ್ಳುವುದೂ ಉಂಟು. ನಿಜವಾಗಿ ನೋಡಿದರೆ ಒಂದು ಜೀವನಚರಿತ್ರೆಯ ತುಣುಕು, ಇನ್ನೊಂದು ಬರಿಯ ವರ್ಣನೆ. ಎರಡರಲ್ಲೂ ವಿಶ್ಲೇಷಣೆ ಇನ್ನೂ ಆರಂಭವೇ ಆಗಿಲ್ಲ.

ಎರಡು ವಿಶ್ಲೇಷಣೆಗಳ ನಡುವಿನ ವ್ಯತ್ಯಾಸ ಇರುವುದು ವಿಷಯದಲ್ಲಲ್ಲ, ಸಾಕ್ಷ್ಯದಲ್ಲಿ. ರೂಪ ವಿಶ್ಲೇಷಣೆಯ ಪ್ರತಿಯೊಂದು ಮಾತಿಗೂ ಸಾಕ್ಷಿ ಚಿತ್ರದ ಮೇಲ್ಮೈಯಲ್ಲೇ ಇರುತ್ತದೆ: ಗೆರೆ, ಬಣ್ಣ, ಬೆಳಕು, ಅಳತೆ, ಆಕೃತಿಗಳ ಜೋಡಣೆ, ಕುಂಚದ ಗುರುತು. ಸಂದರ್ಭ ವಿಶ್ಲೇಷಣೆಯ ಮಾತಿಗೆ ಸಾಕ್ಷಿ ಚಿತ್ರದ ಹೊರಗಿರುತ್ತದೆ: ಪತ್ರ, ಕರಾರು, ಆ ಕಾಲದ ಘಟನೆ, ಧರ್ಮಗ್ರಂಥ, ಅದೇ ಬಗೆಯ ಬೇರೆ ಚಿತ್ರಗಳು. ಹಾಗಾಗಿ ನೀವು ಬರೆದ ಯಾವ ವಾಕ್ಯ ಎತ್ತಿಕೊಂಡರೂ ಒಂದೇ ಪ್ರಶ್ನೆ ಕೇಳಿದರೆ ಸಾಕು. ಶೀರ್ಷಿಕೆ, ಕಲಾವಿದ, ಕಾಲ ಯಾವುದೂ ಗೊತ್ತಿಲ್ಲದ ಒಬ್ಬರು ಚಿತ್ರದ ಮುಂದೆ ನಿಂತು, ಈ ವಾಕ್ಯ ಸರಿಯೋ ತಪ್ಪೋ ಎಂದು ಕಣ್ಣಿನಿಂದಲೇ ಪರೀಕ್ಷಿಸಬಹುದೇ? ಹೌದಾದರೆ ಅದು ರೂಪದ ಮಾತು. ಅಲ್ಲವಾದರೆ ಸಂದರ್ಭದ ಮಾತು.

ಈ ಗೆರೆ ಕೊನೆಯವರೆಗೂ ನೇರವಾಗಿಯೇ ಸಾಗುವುದಿಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ. ಮೊದಲು ಒಂದು ಚಿತ್ರವನ್ನು ಕೈಗೆತ್ತಿಕೊಳ್ಳೋಣ. ಸ್ಪೇನ್‌ನ ಫ್ರಾನ್ಸಿಸ್ಕೋ ಗೋಯಾ 1814ರಲ್ಲಿ ಬರೆದ 'ಮೇ 3, 1808' ಎಂದು ಹೆಸರಾದ ತೈಲಚಿತ್ರ. ಮ್ಯಾಡ್ರಿಡ್‌ನ ಪ್ರಾದೋ ವಸ್ತುಸಂಗ್ರಹಾಲಯದಲ್ಲಿದೆ. ಈ ಬರಹ ಓದುವಾಗ ಅದರ ದೊಡ್ಡ ಪ್ರತಿಯೊಂದನ್ನು ಪರದೆಯ ಮೇಲೆ ತೆರೆದಿಟ್ಟುಕೊಳ್ಳಿ. ರೂಪದಲ್ಲಿಯೂ ಸಂದರ್ಭದಲ್ಲಿಯೂ ಇಷ್ಟು ಸಮೃದ್ಧವಾದ, ಒಂದು ಇನ್ನೊಂದನ್ನು ಇಷ್ಟು ಚೆನ್ನಾಗಿ ಪ್ರಶ್ನಿಸುವ ಚಿತ್ರಗಳು ಕಡಿಮೆ.

ಮೊದಲ ಹೆಜ್ಜೆ: ಹೆಸರುಗಳನ್ನು ಬದಿಗಿಟ್ಟು ನೋಡುವುದು

ಶೀರ್ಷಿಕೆಯನ್ನು ಮರೆತು, ಕಂಡದ್ದನ್ನು ಮಾತ್ರ ಟಿಪ್ಪಣಿ ಮಾಡಿ. ಇದು ಹೇಳುವಷ್ಟು ಸುಲಭವಲ್ಲ. 'ಫ್ರೆಂಚ್ ಸೈನಿಕರು ಸ್ಪ್ಯಾನಿಷ್ ದೇಶಭಕ್ತರನ್ನು ಕೊಲ್ಲುತ್ತಿದ್ದಾರೆ' ಎಂದು ಬರೆದರೆ ಆ ಚಿಕ್ಕ ವಾಕ್ಯದಲ್ಲೇ ಎರಡು ದೇಶ, ಒಂದು ಯುದ್ಧ ಮತ್ತು ಒಂದು ನೈತಿಕ ತೀರ್ಪು ನುಸುಳಿಬಿಟ್ಟಿವೆ. ಕಣ್ಣಿಗೆ ಕಾಣುವುದು ಬೇರೆ: ಬಲಬದಿಯಲ್ಲಿ ಉದ್ದನೆಯ ಕೋಟು, ಎತ್ತರದ ಟೋಪಿ ತೊಟ್ಟವರ ಒಂದು ಸಾಲು, ನಮಗೆ ಬೆನ್ನು ಹಾಕಿ ಬಂದೂಕು ಚಾಚಿ ನಿಂತಿದೆ. ಎಡಬದಿಯಲ್ಲಿ ಬೋಳು ಗುಡ್ಡದ ಬುಡದಲ್ಲಿ ಒಂದು ಗುಂಪು. ಅದರ ನಡುವೆ ಬಿಳಿ ಅಂಗಿ, ಹಳದಿ ಷರಾಯಿ ತೊಟ್ಟ ಒಬ್ಬ ಮಂಡಿಯೂರಿ, ಎರಡೂ ತೋಳುಗಳನ್ನು ಅಗಲವಾಗಿ ಮೇಲಕ್ಕೆತ್ತಿದ್ದಾನೆ. ಎರಡು ಗುಂಪುಗಳ ನಡುವೆ ನೆಲದ ಮೇಲೆ ಚೌಕಾಕಾರದ ದೊಡ್ಡ ಲಾಟೀನು. ಮುನ್ನೆಲೆಯ ಎಡಮೂಲೆಯಲ್ಲಿ ರಕ್ತದ ಮಡುವಿನಲ್ಲಿ ಶವಗಳು. ಹಿಂದೆ ಕಪ್ಪು ಆಕಾಶ, ಅದರಡಿಯಲ್ಲಿ ಮಸುಕಾದ ಕಟ್ಟಡಗಳು, ಒಂದು ಗೋಪುರ.

ಇಲ್ಲೊಂದು ಆಕ್ಷೇಪ ಬರಬಹುದು. ಲಾಟೀನು ಎಂದು ಗುರುತಿಸುವುದಕ್ಕೂ ಹೊರಗಿನ ತಿಳಿವಳಿಕೆ ಬೇಕಲ್ಲವೇ? ಬೇಕು. ಅಪ್ಪಟ ಕಣ್ಣು ಎಂಬುದು ಯಾರಿಗೂ ಇಲ್ಲ. ಬರವಣಿಗೆಯ ಮಟ್ಟಿಗೆ ಒಂದು ಒಪ್ಪಂದ ಮಾಡಿಕೊಂಡರೆ ಸಾಕು: ದಿನನಿತ್ಯದ ಅನುಭವದಿಂದ ಯಾರಾದರೂ ಗುರುತಿಸಬಹುದಾದ ಮನುಷ್ಯ, ದೀಪ, ಬಂದೂಕು, ಗುಡ್ಡ ಇವೆಲ್ಲ ರೂಪದ ಟಿಪ್ಪಣಿಯಲ್ಲಿ ಬರಲಿ. ವ್ಯಕ್ತಿಯ ಹೆಸರು, ದೇಶ, ತಾರೀಖು, ಧಾರ್ಮಿಕ ಸಂಕೇತ ಬರುವುದು ಬೇಡ.

ಎರಡನೇ ಹೆಜ್ಜೆ: ವರ್ಣನೆಯಿಂದ ವಿಶ್ಲೇಷಣೆಗೆ

ಹೆಚ್ಚಿನ ಬರಹಗಳು ಮುಗ್ಗರಿಸುವುದು ಇಲ್ಲಿ. ಕಂಡದ್ದನ್ನು ಹೇಳಿದರೆ ವರ್ಣನೆ. ಅದು ನೋಡುವವರ ಮೇಲೆ ಏನು ಮಾಡುತ್ತದೆ, ಚಿತ್ರದ ಬೇರೆ ಭಾಗಗಳೊಂದಿಗೆ ಸೇರಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿದರೆ ವಿಶ್ಲೇಷಣೆ. 'ಮಧ್ಯದಲ್ಲಿ ಲಾಟೀನು ಇದೆ' ಎಂಬುದು ವರ್ಣನೆ. ಅದನ್ನು ಸ್ವಲ್ಪ ಹೊತ್ತು ನೋಡಿ. ಈ ಕತ್ತಲಲ್ಲಿ ಇಷ್ಟು ಪ್ರಬಲವಾದ ಬೆಳಕು ಬೇರೆಲ್ಲಿಂದಲೂ ಬರುತ್ತಿಲ್ಲ. ಅದು ಬಂದೂಕು ಹಿಡಿದವರ ಕಾಲ ಬಳಿಯಲ್ಲಿದೆ, ಆದರೆ ಅವರ ಬೆನ್ನು ನಮಗೆ ಕತ್ತಲಾಗಿಯೇ ಉಳಿಯುತ್ತದೆ. ಬೆಳಕೆಲ್ಲ ಎಡಕ್ಕೆ ಹರಿದು ಬಿಳಿ ಅಂಗಿಯವನ ಮೇಲೆ ಬೀಳುತ್ತದೆ. ಲಾಟೀನಿನ ಮೈಯಲ್ಲಿರುವ ಬಿಳಿ ಮತ್ತು ಹಳದಿಯೇ ಅವನ ಅಂಗಿ ಮತ್ತು ಷರಾಯಿಯಲ್ಲಿವೆ. ಅಂದರೆ ಗುರಿಯಾದ ಮನುಷ್ಯ ಮತ್ತು ಅವನನ್ನು ಗುರಿಯಾಗಿ ತೋರಿಸುವ ದೀಪ ಬಣ್ಣದಲ್ಲಿ ಒಂದೇ. ಅವನು ಕಾಣುವುದೂ ಸಾಯುವುದೂ ಒಂದೇ ಬೆಳಕಿನಿಂದ. ಇಷ್ಟು ಹೇಳಿದಾಗ ಲಾಟೀನು ವಿಶ್ಲೇಷಣೆಯಾಯಿತು, ಅದೂ ಒಂದೇ ಒಂದು ಇಸವಿಯ ಹಂಗಿಲ್ಲದೆ.

ಇದೇ ರೀತಿ ಎರಡು ಗುಂಪುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬಲಗಡೆಯ ಬೆನ್ನುಗಳು ಒಂದರ ಮೇಲೊಂದು ಒತ್ತಿಕೊಂಡು ಕರ್ಣರೇಖೆಯಲ್ಲಿ ಒಳಕ್ಕೆ ಸರಿಯುತ್ತವೆ. ಮುಂದೆ ಚಾಚಿದ ಕಾಲುಗಳು, ಬಾಗಿದ ಸೊಂಟಗಳು, ಅಡ್ಡಡ್ಡ ಬಂದೂಕುಗಳು ಎಲ್ಲವೂ ಪುನರಾವರ್ತನೆ. ಒಂದು ಮುಖವೂ ನಮಗೆ ಕಾಣುವುದಿಲ್ಲ. ಎಡಗಡೆಯಲ್ಲಿ ಯಾವುದೂ ಪುನರಾವರ್ತನೆಯಾಗುವುದಿಲ್ಲ: ಒಬ್ಬ ಮುಷ್ಟಿ ಬಿಗಿದಿದ್ದಾನೆ, ನೆತ್ತಿ ಬೋಳಿಸಿದವನೊಬ್ಬ ಕೈ ಜೋಡಿಸಿ ಬಾಗಿದ್ದಾನೆ, ಹಲವರು ಮುಖ ಮುಚ್ಚಿಕೊಂಡಿದ್ದಾರೆ. ಕೊಲ್ಲುವವರು ಒಂದೇ ಆಕಾರ, ಸಾಯುವವರು ಒಬ್ಬೊಬ್ಬರೂ ಬೇರೆ ಬೇರೆ. ಇಷ್ಟಾದರೂ ಬಂದೂಕಿನ ತುದಿಗೂ ಬಿಳಿ ಅಂಗಿಗೂ ನಡುವೆ ಇರುವ ಜಾಗ ಬಹಳ ಚಿಕ್ಕದು. ನಿಜವಾದ ಗುಂಡಿಕ್ಕುವ ದಳ ಅಷ್ಟು ಹತ್ತಿರ ನಿಲ್ಲುವ ಅಗತ್ಯವಿಲ್ಲ. ಚಿತ್ರಕ್ಕೆ ಅದರ ಅಗತ್ಯವಿದೆ.

ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮುನ್ನೆಲೆಯ ಶವ. ಮುಖ ಕೆಳಗಾಗಿ ಬಿದ್ದಿರುವ ಅವನ ತೋಳುಗಳೂ ಎರಡೂ ಕಡೆ ಚಾಚಿವೆ. ಬಿಳಿ ಅಂಗಿಯವನ ಭಂಗಿಯೇ ನೆಲಕ್ಕೆ ಬಿದ್ದಂತೆ. ಲಾಟೀನಿನ ಹಿಂದೆ ಗುಡ್ಡ ಹತ್ತಿ ಬರುತ್ತಿರುವ ಇನ್ನೊಂದು ಸಾಲು ಇದೆ, ಅವರ ಸರದಿ ಇನ್ನೂ ಬಂದಿಲ್ಲ. ಹಾಗಾಗಿ ಒಂದೇ ಚೌಕಟ್ಟಿನಲ್ಲಿ ಮೂರು ಕಾಲಗಳಿವೆ: ಸತ್ತವರು, ಸಾಯುತ್ತಿರುವವರು, ಸಾಯಲಿರುವವರು. ತೋಳು ಚಾಚಿದ ಆ ಒಂದು ಭಂಗಿ ಎಷ್ಟೇ ಭವ್ಯವಾಗಿ ಕಂಡರೂ ಅದು ಇನ್ನೊಂದು ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ಚಿತ್ರ ಪಕ್ಕದಲ್ಲೇ ತೋರಿಸಿಟ್ಟಿದೆ.

ಅಳತೆಯೂ ರೂಪದ ಭಾಗವೇ. ಈ ಕ್ಯಾನ್ವಾಸ್ 268 ಸೆಂ.ಮೀ. ಎತ್ತರ, 347 ಸೆಂ.ಮೀ. ಅಗಲ. ಪರದೆಯ ಮೇಲೆ ಅಂಗೈಯಷ್ಟಾಗಿ ಕಾಣುವ ಮನುಷ್ಯರು ಅಲ್ಲಿ ಬಹುತೇಕ ಆಳಿನ ಗಾತ್ರದಲ್ಲಿದ್ದಾರೆ. ಶವಗಳು ನೋಡುವವರ ಕಾಲ ಬಳಿಯೇ ಬಿದ್ದಂತಿರುತ್ತವೆ. ಪ್ರತಿ ನೋಡಿ ಬರೆಯುವಾಗ ಗಾತ್ರವನ್ನು ಬರೆದಿಟ್ಟುಕೊಂಡೇ ಶುರು ಮಾಡಿ. ಬಣ್ಣದ ಸೂಕ್ಷ್ಮ ಛಾಯೆಗಳ ಬಗ್ಗೆ ಮಾತ್ರ ಪ್ರತಿಯನ್ನು ನಂಬಿ ತೀರ್ಪು ಕೊಡಬೇಡಿ. ಒಂದೇ ಚಿತ್ರದ ಎರಡು ಪ್ರತಿಗಳನ್ನು ಪಕ್ಕಪಕ್ಕ ತೆರೆದರೆ ಕಾರಣ ತಾನಾಗಿ ತಿಳಿಯುತ್ತದೆ.

ಮೂರನೇ ಹೆಜ್ಜೆ: ಒಂದು ವಾದ, ನಂತರ ಉತ್ತರವಿಲ್ಲದ ಪ್ರಶ್ನೆಗಳು

ಟಿಪ್ಪಣಿಗಳನ್ನೆಲ್ಲ ಒಂದೇ ವಾಕ್ಯಕ್ಕೆ ಇಳಿಸಿ. ನನ್ನದು ಹೀಗಿರುತ್ತದೆ: 'ಈ ಚಿತ್ರ ಬೆಳಕು ಮತ್ತು ಭಂಗಿಯಿಂದ ಒಬ್ಬನನ್ನು ಎತ್ತಿ ಹಿಡಿಯುತ್ತದೆ, ಆದರೆ ಶವಗಳಿಂದಲೂ ಕಾಯುತ್ತಿರುವ ಸಾಲಿನಿಂದಲೂ ಅವನನ್ನು ಮತ್ತೆ ಅನೇಕರಲ್ಲಿ ಒಬ್ಬನನ್ನಾಗಿ ಮಾಡುತ್ತದೆ.' ಬೇರೆಯವರು ಚಿತ್ರ ನೋಡಿ ಇದನ್ನು ಒಪ್ಪದಿರಲು ಸಾಧ್ಯವಿದೆ. ಒಪ್ಪದಿರಲು ಸಾಧ್ಯವೇ ಇಲ್ಲದ ವಾಕ್ಯ, ಉದಾಹರಣೆಗೆ 'ಗೋಯಾ ಬೆಳಕನ್ನು ಪರಿಣಾಮಕಾರಿಯಾಗಿ ಬಳಸಿದ್ದಾನೆ' ಎಂಬಂಥದ್ದು, ವಾದವಲ್ಲ.

ಬರೆಯಬೇಕಾದದ್ದು ರೂಪ ವಿಶ್ಲೇಷಣೆ ಮಾತ್ರವಾದರೆ ಇಲ್ಲಿಗೆ ನಿಲ್ಲಿಸಿ, ಈ ವಾದವನ್ನೇ ಬೆಳೆಸಿ ಬರೆಯಬಹುದು. ಸಂದರ್ಭವೂ ಬೇಕಿದ್ದರೆ, ರೂಪ ಎಬ್ಬಿಸಿದ ಆದರೆ ರೂಪವೇ ಉತ್ತರಿಸಲಾರದ ಪ್ರಶ್ನೆಗಳನ್ನು ಬರೆದುಕೊಳ್ಳಿ. ಇವರು ಯಾರು, ಏಕೆ ಸಾಯುತ್ತಿದ್ದಾರೆ? ಇಷ್ಟು ದೊಡ್ಡ ಕ್ಯಾನ್ವಾಸ್ ಯಾರಿಗಾಗಿ? ಬಿಳಿ ಅಂಗಿಯವನ ಬಲ ಅಂಗೈಯಲ್ಲಿ ಗಾಯದಂಥ ಒಂದು ಗುರುತಿದೆ, ಗುಂಡು ಇನ್ನೂ ಹಾರದಿರುವಾಗ ಅದು ಎಲ್ಲಿಂದ ಬಂತು? ಈ ಮೂರನೇ ಪ್ರಶ್ನೆಯಂಥದ್ದು ಸಿಕ್ಕಿದರೆ ಅದನ್ನು ಬಿಡಬೇಡಿ. ಚಿತ್ರದೊಳಗೆ ಸ್ಪಷ್ಟವಾಗಿ ಕಾಣುವ, ಚಿತ್ರದೊಳಗೆ ಕಾರಣ ಸಿಗದ ವಿವರವೇ ಎರಡು ವಿಶ್ಲೇಷಣೆಗಳನ್ನು ಸೇರಿಸುವ ಕೀಲು.

ನಾಲ್ಕನೇ ಹೆಜ್ಜೆ: ಪ್ರಶ್ನೆಗೆ ಬೇಕಾದಷ್ಟೇ ಸಂದರ್ಭ

ಈಗ ಗ್ರಂಥಾಲಯಕ್ಕೆ ಹೋಗಿ, ಆದರೆ ಪ್ರಶ್ನೆಗಳ ಚೀಟಿ ಹಿಡಿದುಕೊಂಡು ಹೋಗಿ. ಮೊದಲು ಹುಡುಕಬೇಕಾದದ್ದು ಆ ಕೃತಿಯ ದಾಖಲೆ: ಯಾವಾಗ ಬರೆದದ್ದು, ಯಾರ ಹಣದಲ್ಲಿ, ಎಲ್ಲಿಡಲು. ಯುದ್ಧದ ಇತಿಹಾಸ ಅದರ ನಂತರ.

1808ರ ಮೇ 2ರಂದು ಮ್ಯಾಡ್ರಿಡ್‌ನ ಜನ ನೆಪೋಲಿಯನ್ನನ ಸೇನೆಯ ವಿರುದ್ಧ ದಂಗೆಯೆದ್ದರು. ಆ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ಸೆರೆಸಿಕ್ಕವರನ್ನು ನಗರದ ಹಲವೆಡೆ ಗುಂಡಿಟ್ಟು ಕೊಲ್ಲಲಾಯಿತು. ಪ್ರಿನ್ಸಿಪೆ ಪಿಯೋ ಗುಡ್ಡ ಅಂಥ ಜಾಗಗಳಲ್ಲೊಂದು. ಚಿತ್ರ ಬರೆದದ್ದು ಆರು ವರ್ಷಗಳ ನಂತರ, ಫ್ರೆಂಚರು ಹೊರಟುಹೋದ ಮೇಲೆ. 1814ರ ಆರಂಭದಲ್ಲಿ, ದೊರೆ ಏಳನೇ ಫರ್ಡಿನೆಂಡ್ ಇನ್ನೂ ಮ್ಯಾಡ್ರಿಡ್‌ಗೆ ಮರಳುವ ಮುನ್ನ, ಅಧಿಕಾರದಲ್ಲಿದ್ದ ರಾಜಪ್ರತಿನಿಧಿ ಮಂಡಳಿಗೆ ಗೋಯಾ ತಾನೇ ಅರ್ಜಿ ಸಲ್ಲಿಸಿದ. ಯುರೋಪಿನ ನಿರಂಕುಶನ ವಿರುದ್ಧ ನಡೆದ ದಂಗೆಯ ವೀರಕೃತ್ಯಗಳನ್ನು ಕುಂಚದಿಂದ ಶಾಶ್ವತಗೊಳಿಸಬೇಕೆಂಬುದು ಅವನ ಬಿನ್ನಹ. ಮಂಡಳಿ ಒಪ್ಪಿ ಹಣ ಮಂಜೂರು ಮಾಡಿತು. ದಂಗೆಯ ಹಗಲನ್ನು ತೋರಿಸುವ 'ಮೇ 2, 1808' ಮತ್ತು ನಮ್ಮ ಚಿತ್ರ ಹೀಗೆ ಜೋಡಿಯಾಗಿ ಹುಟ್ಟಿದವು. ಇನ್ನೊಂದು ಸಂಗತಿಯನ್ನೂ ಮರೆಯಬಾರದು: ಆಸ್ಥಾನದ ಮುಖ್ಯ ಚಿತ್ರಕಾರನಾಗಿದ್ದ ಗೋಯಾ, ನೆಪೋಲಿಯನ್ನನ ಅಣ್ಣ ಜೋಸೆಫ್ ಬೋನಪಾರ್ಟೆ ಸ್ಪೇನ್ ಆಳಿದ ವರ್ಷಗಳಲ್ಲೂ ಕೆಲಸ ಮಾಡಿದ್ದ, ಅವನಿಂದ ಪದಕ ಪಡೆದಿದ್ದ. ಯುದ್ಧ ಮುಗಿದ ಮೇಲೆ ಆಸ್ಥಾನದ ನೌಕರರ ನಿಷ್ಠೆಯ ವಿಚಾರಣೆ ನಡೆದಾಗ ಅವನೂ ಅದನ್ನು ಎದುರಿಸಬೇಕಾಯಿತು.

ಇವುಗಳಲ್ಲಿ ಯಾವುದನ್ನು ಬರಹಕ್ಕೆ ತರಬೇಕು? ಚಿತ್ರದ ಯಾವುದಾದರೂ ಒಂದು ಕಾಣುವ ಸಂಗತಿಗೆ ಕಟ್ಟಬಹುದಾದದ್ದನ್ನು ಮಾತ್ರ. ಅರ್ಜಿ ಮತ್ತು ಮಂಜೂರಾತಿ ಕ್ಯಾನ್ವಾಸಿನ ಗಾತ್ರಕ್ಕೆ ಕಟ್ಟಿಕೊಳ್ಳುತ್ತವೆ, ಏಕೆಂದರೆ ಇದು ಸ್ವಂತಕ್ಕೆ ಬರೆದ ಚಿತ್ರವಲ್ಲ, ಸಾರ್ವಜನಿಕ ಸ್ಮಾರಕ. ಗೋಯಾನ ಕಿವುಡು ಎಷ್ಟು ಆಸಕ್ತಿಕರ ಸಂಗತಿಯಾದರೂ ಈ ಚಿತ್ರದ ಯಾವ ವಿವರವನ್ನೂ ಬೆಳಗುವುದಿಲ್ಲ. ಅದನ್ನು ಬಿಡಿ.

ಅಂಗೈಯ ಗುರುತಿಗೆ ಬರೋಣ. ಗುರುತು ಇರುವುದು ರೂಪದ ಮಾತು, ಯಾರಾದರೂ ನೋಡಬಹುದು. ಅದು ಶಿಲುಬೆಗೇರಿದ ಕ್ರಿಸ್ತನ ಕೈಯ ಮೊಳೆಯ ಗಾಯವನ್ನು ನೆನಪಿಸುತ್ತದೆ ಎಂಬುದು ಸಂದರ್ಭದ ಮಾತು, ಕ್ರೈಸ್ತ ಚಿತ್ರಪರಂಪರೆ ತಿಳಿಯದವರಿಗೆ ಕಾಣದು. ಆ ಪರಂಪರೆಯ ತಿಳಿವಳಿಕೆ ಬಂದೊಡನೆ ಚಾಚಿದ ತೋಳುಗಳೂ ಬದಲಾಗುತ್ತವೆ. ಕ್ರಿಸ್ತನನ್ನು ಬಂಧಿಸಲು ಬಂದವರು ದೀಪ ಹಿಡಿದು ಬಂದರೆಂದು ಯೋಹಾನನ ಸುವಾರ್ತೆ ಹೇಳುತ್ತದೆ, ಹಾಗಾಗಿ ಲಾಟೀನೂ ಆ ನೆನಪಿಗೆ ಸೇರಬಹುದು. ಆದರೆ ಮೂರೂ ಒಂದೇ ಬಲದ ವಾದಗಳಲ್ಲ. ಗಾಯದ ಗುರುತಿಗೆ ಚಿತ್ರದಲ್ಲಿ ಬೇರೆ ಕಾರಣವಿಲ್ಲ, ಆದ್ದರಿಂದ ಅದು ಬಲವಾದ ಸಾಕ್ಷ್ಯ. ತೋಳು ಚಾಚುವುದಕ್ಕೆ ಶರಣಾಗತಿ, ಪ್ರತಿಭಟನೆ, ಭಯ ಯಾವುದೂ ಕಾರಣವಾಗಬಹುದು. ರಾತ್ರಿ ಗುಂಡಿಕ್ಕಬೇಕಾದವರಿಗೆ ದೀಪ ಹೇಗೂ ಬೇಕು. ಈ ಬಲಾಬಲ ನಿಮ್ಮ ಕ್ರಿಯಾಪದಗಳಲ್ಲಿ ಕಾಣಬೇಕು. ದಾಖಲೆ ಇದ್ದಲ್ಲಿ 'ಸಲ್ಲಿಸಿದ', 'ಮಂಜೂರಾಯಿತು' ಎಂದು ನೇರವಾಗಿ ಬರೆಯಿರಿ. ಊಹೆಯಿದ್ದಲ್ಲಿ 'ನೆನಪಿಸುತ್ತದೆ', 'ಎಂದು ಓದಬಹುದು' ಎನ್ನಿ.

ಇದೇ ಎಚ್ಚರ ಕಥೆಗಳ ವಿಷಯದಲ್ಲೂ ಬೇಕು. ಗೋಯಾ ತನ್ನ ಮನೆಯಿಂದ ದೂರದರ್ಶಕದಲ್ಲಿ ಆ ಕೊಲೆಗಳನ್ನು ಕಂಡ ಎಂಬ ಕಥೆ ಬಹಳ ಕಾಲದಿಂದ ಓಡಾಡುತ್ತಿದೆ. ಅದನ್ನು ನಂಬಿದ ಕೂಡಲೇ ಚಿತ್ರ ಪ್ರತ್ಯಕ್ಷದರ್ಶಿಯ ವರದಿಯಾಗಿಬಿಡುತ್ತದೆ, ಬಂದೂಕುಗಳನ್ನು ಅಷ್ಟು ಹತ್ತಿರ ತಂದದ್ದು ಚಿತ್ರಕಾರನ ನಿರ್ಧಾರ ಎಂಬ ಅರಿವೇ ಮರೆಯಾಗುತ್ತದೆ.

ಐದನೇ ಹೆಜ್ಜೆ: ಎರಡನ್ನೂ ಮುಖಾಮುಖಿಯಾಗಿಸುವುದು

ಸಂದರ್ಭ ರೂಪವನ್ನು ಸಮರ್ಥಿಸುವಲ್ಲಿ ಬರವಣಿಗೆ ಸಲೀಸು. ಅವೆರಡೂ ಒಂದಕ್ಕೊಂದು ಒಗ್ಗದಿರುವ ಜಾಗದಲ್ಲಿ ಬರವಣಿಗೆ ಗಟ್ಟಿಯಾಗುತ್ತದೆ. ಅರ್ಜಿಯಲ್ಲಿ ಇರುವುದು ವೀರಕೃತ್ಯ. ಕ್ಯಾನ್ವಾಸಿನಲ್ಲಿ ಇರುವುದು ಆಯುಧವಿಲ್ಲದ, ಮಂಡಿಯೂರಿದ, ಹೆದರಿ ಮುಖ ಮುಚ್ಚಿಕೊಂಡ ಜನ. ಈ ಬಿರುಕನ್ನು ಮುಚ್ಚಿಹಾಕಬೇಡಿ, ಅಲ್ಲೇ ನಿಂತು ಬರೆಯಿರಿ. ಮಾದರಿಗೆ ಒಂದು ಪ್ಯಾರಾ:

> ಬಿಳಿ ಅಂಗಿಯವನು ಎದ್ದು ನಿಂತರೆ ಸುತ್ತಲಿನ ಎಲ್ಲರಿಗಿಂತ ಎತ್ತರವಾಗುತ್ತಾನೆ, ಆದರೆ ಚಿತ್ರ ಅವನನ್ನು ಮಂಡಿಯ ಮೇಲೆಯೇ ಇಟ್ಟಿದೆ. ಲಾಟೀನಿನ ಬೆಳಕೆಲ್ಲ ಅವನ ಪಾಲಾದರೂ ಅದೇ ಭಂಗಿಯ ಶವ ಅವನ ಮುಂದೆಯೇ ಬಿದ್ದಿದೆ. 1814ರ ಅರ್ಜಿಯಲ್ಲಿ ಗೋಯಾ ಸರ್ಕಾರಕ್ಕೆ ಮಾತು ಕೊಟ್ಟದ್ದು ದಂಗೆಯ ವೀರಕೃತ್ಯಗಳ ಸ್ಮಾರಕ. ಅಂಗೈಯ ಗುರುತು ಆ ಮಾತನ್ನು ಒಂದು ಮಟ್ಟಿಗೆ ಉಳಿಸಿಕೊಳ್ಳುತ್ತದೆ, ಏಕೆಂದರೆ ಅದು ಅನಾಮಿಕನೊಬ್ಬನನ್ನು ಹುತಾತ್ಮನ ಸಾಲಿಗೆ ಸೇರಿಸುತ್ತದೆ. ಆದರೆ ಹುತಾತ್ಮರ ಚಿತ್ರಗಳಲ್ಲಿ ಆಕಾಶ ತೆರೆದು ಬೆಳಕು ಇಳಿಯುವುದುಂಟು. ಇಲ್ಲಿ ಆಕಾಶ ಕಪ್ಪು, ಬೆಳಕು ನೆಲದ ಮೇಲಿನ ಲಾಟೀನಿನದು, ಅದೂ ಕೊಲ್ಲುವವರದ್ದು.

ಈ ಪ್ಯಾರಾದಲ್ಲಿ ಮೊದಲ ಎರಡು ವಾಕ್ಯ ಮತ್ತು ಕೊನೆಯ ವಾಕ್ಯ ರೂಪದವು, ನಡುವಿನವು ಸಂದರ್ಭದವು. ಕ್ರಮ ಹೀಗೇ ಇರಬೇಕೆಂದಿಲ್ಲ. ಆದರೂ ಕಣ್ಣಿನಿಂದ ಹೊರಟು, ದಾಖಲೆಗೆ ಹೋಗಿ, ಮತ್ತೆ ಚಿತ್ರಕ್ಕೆ ಮರಳುವ ಪ್ಯಾರಾ ದಿಕ್ಕು ತಪ್ಪುವುದು ಕಡಿಮೆ.

ಆರನೇ ಹೆಜ್ಜೆ: ಬರೆದದ್ದನ್ನು ಪರೀಕ್ಷಿಸುವುದು

ಕರಡು ಮುಗಿದ ಮೇಲೆ ಎರಡು ಬಣ್ಣದ ಪೆನ್ನು ತೆಗೆದುಕೊಂಡು, ಕಣ್ಣಿನಿಂದ ಪರೀಕ್ಷಿಸಬಹುದಾದ ವಾಕ್ಯಗಳಿಗೆ ಒಂದು ಬಣ್ಣ, ಉಳಿದವಕ್ಕೆ ಇನ್ನೊಂದು ಬಣ್ಣದ ಅಡಿಗೆರೆ ಹಾಕಿ. ಒಂದು ಪುಟವಿಡೀ ಎರಡನೇ ಬಣ್ಣವೇ ಇದ್ದರೆ ಅಲ್ಲಿ ಚಿತ್ರ ಕೈಬಿಟ್ಟಿದೆ. ನಂತರ ಸಂದರ್ಭದ ಪ್ರತಿ ವಾಕ್ಯವನ್ನು ಅಳಿಸಿದಂತೆ ಭಾವಿಸಿ ಓದಿ. ಅದಿಲ್ಲದೆಯೂ ಚಿತ್ರದ ಬಗ್ಗೆ ನೀವು ಹೇಳಿದ್ದು ಏನೂ ಬದಲಾಗದಿದ್ದರೆ ನಿಜವಾಗಿಯೇ ಅಳಿಸಿ. ಕೊನೆಗೆ ರೂಪದ ವಾಕ್ಯಗಳನ್ನು ಬೇರೊಂದು ಚಿತ್ರಕ್ಕೆ ಹಚ್ಚಿ ನೋಡಿ. 'ಬೆಳಕು ನೆರಳಿನ ವೈದೃಶ್ಯ ನಾಟಕೀಯವಾಗಿದೆ' ಎಂಬುದು ನೂರಾರು ಚಿತ್ರಗಳಿಗೆ ಹೊಂದುತ್ತದೆ. ಲಾಟೀನಿನ ಹಳದಿಯೂ ಷರಾಯಿಯ ಹಳದಿಯೂ ಒಂದೇ ಎಂಬುದು ಇದೊಂದಕ್ಕೇ ಹೊಂದುತ್ತದೆ.

ಪರೀಕ್ಷೆಯಲ್ಲಿ ಆಗಾಗ ಸಿಕ್ಕಿಬೀಳುವ ಇನ್ನೊಂದು ತಪ್ಪು ಕಾಲಕ್ರಮದ್ದು. ಗೋಯಾನ ಈ ಚಿತ್ರ ದಶಕಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳದೆ ಉಗ್ರಾಣದಲ್ಲಿತ್ತು. 1860ರ ದಶಕದಲ್ಲಿ ಫ್ರಾನ್ಸ್‌ನ ಎದುವಾರ್ ಮಾನೆ ಮೆಕ್ಸಿಕೋದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ಮರಣದಂಡನೆಯನ್ನು ಬರೆದಾಗ ಬಂದೂಕುಧಾರಿಗಳ ಸಾಲನ್ನು ಬೆನ್ನಿನಿಂದಲೇ ತೋರಿಸಿದ, ಈ ಎರಡನ್ನೂ ಹೋಲಿಸಿ ಬರೆಯುವುದು ವಾಡಿಕೆ. ಇದೂ ಸಂದರ್ಭವೇ, ಆದರೆ ಚಿತ್ರ ಹುಟ್ಟಿದ ಸಂದರ್ಭವಲ್ಲ, ಅದನ್ನು ಮುಂದಿನವರು ಕಂಡ ಸಂದರ್ಭ. 1814ರ ಲಾಟೀನು ಏಕೆ ಅಲ್ಲಿದೆ ಎಂಬುದಕ್ಕೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಬೇಕಿದ್ದರೆ ಅದಕ್ಕೊಂದು ಬೇರೆ ಪ್ಯಾರಾ ಕೊಡಿ, ಇಸವಿಯನ್ನು ಮೊದಲ ವಾಕ್ಯದಲ್ಲೇ ಹೇಳಿ, ಗೋಯಾನ ಉದ್ದೇಶದ ಮಾತನ್ನು ಅದರೊಳಗೆ ಬೆರೆಸಬೇಡಿ.